ಕರ್ಣದಲ್ಲಿ ಉತ್ತರ, ಕಾಲಂನಲ್ಲಿ ಸಾಕ್ಷಿ

0.75, 0.7083, 0.6970, 0.6941, 0.6934. ಈ ಐದೂ ಒಂದೇ ಪ್ರಶ್ನೆಗೆ ಬಂದ ಉತ್ತರಗಳು. ಐದರಲ್ಲಿ ಒಂದೂ ಸರಿಯಿಲ್ಲ. ಸರಿಯಾದ ಉತ್ತರ 0.69314718056 ಎಂದು ಶುರುವಾಗಿ ಮುಂದೆ ಸಾಗುತ್ತದೆ. ಐದರಲ್ಲಿ ಉತ್ತಮವಾದ ಕೊನೆಯದು ಕೂಡ ಮೂರು ದಶಮಾಂಶ ಸ್ಥಾನ ದಾಟಿದ ಕೂಡಲೇ ದಾರಿ ತಪ್ಪುತ್ತದೆ. ಆದರೆ ಈ ಐದನ್ನೇ ಮುಂದಿಟ್ಟುಕೊಂಡು, ಹೊಸದಾಗಿ ಏನನ್ನೂ ಅಳೆಯದೆ, ಹತ್ತು ಸಲ ಕಳೆದು, ಭಾಗಿಸಿ, ಕೂಡಿಸಿದರೆ 0.693147182 ಎಂಬ ಸಂಖ್ಯೆ ಕೈಗೆ ಬರುತ್ತದೆ. ಅದು ಎಂಟು ದಶಮಾಂಶದವರೆಗೆ ಸರಿ.

ಈ ಲೆಕ್ಕಕ್ಕೆ ರಾಂಬರ್ಗ್ ಅನುಕಲನ ಎಂದು ಹೆಸರು. ಲೆಕ್ಕವನ್ನು ಒಂದು ತ್ರಿಕೋನಾಕಾರದ ಕೋಷ್ಟಕದಲ್ಲಿ ಬರೆಯುತ್ತಾರೆ. ಉತ್ತರ ಕೋಷ್ಟಕದ ಕರ್ಣದ ತುದಿಯಲ್ಲಿರುತ್ತದೆ. ಕೋಷ್ಟಕ ಕಟ್ಟುವುದು ಹೈಸ್ಕೂಲಿನ ಗಣಿತ ಬಲ್ಲವರಿಗೂ ಸಾಧ್ಯ. ಕಟ್ಟಿದ್ದನ್ನು ಓದುವುದಕ್ಕೆ ಮಾತ್ರ ಸ್ವಲ್ಪ ಎಚ್ಚರ ಬೇಕು. ಕರ್ಣದ ತುದಿಯಲ್ಲಿ ಕೂತಿರುವ ಸಂಖ್ಯೆ ಸರಿಯಾಗಿದ್ದರೂ ತಪ್ಪಾಗಿದ್ದರೂ ನೋಡಲು ಅಷ್ಟೇ ಅಚ್ಚುಕಟ್ಟಾಗಿರುತ್ತದೆ.

ಪಟ್ಟಿಗಳ ಲೆಕ್ಕ

ಪ್ರಶ್ನೆ ಇದು: y = 1/x ಎಂಬ ವಕ್ರರೇಖೆಯ ಕೆಳಗೆ, x = 1ರಿಂದ x = 2ರವರೆಗಿನ ಜಾಗದ ವಿಸ್ತೀರ್ಣ ಎಷ್ಟು? ಪಿಯುಸಿಯಲ್ಲಿ ಅನುಕಲನ ಓದಿದವರು ‘2ರ ನೈಸರ್ಗಿಕ ಲಾಗರಿದಂ’ ಎಂದು ಥಟ್ಟನೆ ಹೇಳುತ್ತಾರೆ. ಬಡ್ಡಿದರದಿಂದ 70ನ್ನು ಭಾಗಿಸಿದರೆ ಹಣ ದುಪ್ಪಟ್ಟಾಗುವ ವರ್ಷಗಳು ಸಿಗುತ್ತವೆ ಎಂಬ ಬಾಯಿಲೆಕ್ಕದ ಹಿಂದೆ ಇರುವುದೂ ಇದೇ 0.693. ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಬೇಕೆಂದು ಆರಿಸಿಕೊಂಡಿದ್ದೇನೆ. ಕೋಷ್ಟಕ ತನ್ನ ಬಗ್ಗೆ ಹೇಳುವ ಮಾತು ಎಷ್ಟು ನಿಜ ಎಂದು ಆಗ ಒರೆಗೆ ಹಚ್ಚಿ ನೋಡಬಹುದು.

ಲಾಗರಿದಂ ಗೊತ್ತಿಲ್ಲ ಎಂದೇ ಇಟ್ಟುಕೊಳ್ಳೋಣ. ಆಗ ಉಳಿಯುವ ಸುಲಭದ ದಾರಿ, ಜಾಗವನ್ನು ಲಂಬವಾದ ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯ ಮೇಲಂಚು ನೇರಗೆರೆ ಎಂದು ಭಾವಿಸಿ, ಸಿಕ್ಕ ತ್ರಾಪಿಜ್ಯಗಳ ವಿಸ್ತೀರ್ಣವನ್ನು ಕೂಡುವುದು. ಮೊದಲು ಒಂದೇ ಪಟ್ಟಿ. ಎಡ ಅಂಚಿನ ಎತ್ತರ 1, ಬಲ ಅಂಚಿನ ಎತ್ತರ 0.5, ಸರಾಸರಿ 0.75, ಅಗಲ 1. ಹಾಗಾಗಿ ವಿಸ್ತೀರ್ಣ 0.75. ಮುಂದೆ ಆ ಪಟ್ಟಿಯನ್ನು ನಡುವೆ ಸೀಳಿ ಎರಡು ಮಾಡಬೇಕು. ಇಲ್ಲಿ ಹೊಸದಾಗಿ ಬೇಕಾದದ್ದು x = 1.5ರಲ್ಲಿನ ಎತ್ತರ ಮಾತ್ರ. ಅದು 0.6667. ಹಳೆಯ ಉತ್ತರದ ಅರ್ಧಕ್ಕೆ, ಹೊಸ ಎತ್ತರವನ್ನು ಹೊಸ ಅಗಲದಿಂದ ಗುಣಿಸಿ ಸೇರಿಸಿದರೆ 0.375 + 0.3333, ಅಂದರೆ 0.7083. ಹೀಗೆ ಪ್ರತಿ ಸಲ ಪಟ್ಟಿಗಳನ್ನು ಇಮ್ಮಡಿ ಮಾಡುತ್ತಾ ಹೋದರೆ ಹಳೆಯ ಶ್ರಮ ಒಂದಿಷ್ಟೂ ವ್ಯರ್ಥವಾಗುವುದಿಲ್ಲ. ನಾಲ್ಕು ಪಟ್ಟಿಗೆ 0.6970, ಎಂಟಕ್ಕೆ 0.6941, ಹದಿನಾರಕ್ಕೆ 0.6934. ಮೊದಲ ಸಾಲಿನಲ್ಲಿ ಹೇಳಿದ ಐದು ಸಂಖ್ಯೆಗಳು ಇವೇ. ಒಟ್ಟು ಅಳೆದದ್ದು 17 ಎತ್ತರಗಳು.

ವಕ್ರರೇಖೆ ಜೋಲಿಯಂತೆ ಕೆಳಕ್ಕೆ ಬಾಗಿರುವುದರಿಂದ ನೇರಗೆರೆ ಯಾವಾಗಲೂ ಅದರ ಮೇಲೇ ಹಾಯುತ್ತದೆ. ಹಾಗಾಗಿ ಐದೂ ಉತ್ತರಗಳು ನಿಜಕ್ಕಿಂತ ಹೆಚ್ಚು. ಪಟ್ಟಿ ಸಣ್ಣದಾದಂತೆ ಹೆಚ್ಚಳ ಕರಗುತ್ತದೆ, ಆದರೆ ಬಹಳ ನಿಧಾನವಾಗಿ. ಇದೇ ದಾರಿಯಲ್ಲಿ ನಡೆದು 0.693147182ರಷ್ಟೇ ನಿಖರತೆ ಮುಟ್ಟಬೇಕೆಂದರೆ ಸುಮಾರು 6,800 ಪಟ್ಟಿಗಳು ಬೇಕಾಗುತ್ತವೆ.

ತಪ್ಪಿಗೂ ಒಂದು ಲೆಕ್ಕವಿದೆ

ಕೋಷ್ಟಕವನ್ನು ಸಾಧ್ಯವಾಗಿಸುವುದು ಈ ಹೆಚ್ಚಳದ ಶಿಸ್ತು. 1730ರ ದಶಕದಲ್ಲಿ ಆಯ್ಲರ್ ಮತ್ತು ಮೆಕ್ಲಾರಿನ್ ಬೇರೆ ಬೇರೆಯಾಗಿ ಕಂಡುಕೊಂಡ ಸೂತ್ರವೊಂದು ಹೀಗೆ ಹೇಳುತ್ತದೆ: ರೇಖೆ ನಯವಾಗಿದ್ದರೆ, ತ್ರಾಪಿಜ್ಯ ಲೆಕ್ಕದ ತಪ್ಪು ಪಟ್ಟಿಯ ಅಗಲ hನ ಸಮಘಾತಗಳಲ್ಲಿ ಮಾತ್ರ ಬರುತ್ತದೆ. ಮೊದಲು h²ನ ಒಂದು ತುಂಡು, ಆಮೇಲೆ h⁴ನದು, ಆಮೇಲೆ h⁶ನದು. ಪ್ರತಿ ತುಂಡಿನ ಗಾತ್ರ ಎಷ್ಟೆಂಬುದನ್ನು ರೇಖೆಯ ಎರಡು ತುದಿಗಳಲ್ಲಿನ ಇಳಿಜಾರು ಮತ್ತು ಆ ಇಳಿಜಾರು ಬದಲಾಗುವ ರೀತಿ ನಿರ್ಧರಿಸುತ್ತವೆ. ನಮ್ಮ ಉದಾಹರಣೆಯಲ್ಲಿ x = 1ರಲ್ಲಿ ಇಳಿಜಾರು −1, x = 2ರಲ್ಲಿ −1/4. ಅವುಗಳ ವ್ಯತ್ಯಾಸ 3/4, ಅದರ ಹನ್ನೆರಡನೇ ಒಂದು ಭಾಗ 1/16. ಅಂದರೆ ತಪ್ಪಿನ ಮುಖ್ಯ ತುಂಡು h²/16. ಹದಿನಾರು ಪಟ್ಟಿಗಳಿದ್ದಾಗ ಇದು 0.000244 ಆಗಬೇಕು. ನಿಜವಾದ ತಪ್ಪನ್ನು ಅಳೆದರೂ 0.000244.

ಅಗಲ ಅರ್ಧವಾದರೆ h² ನಾಲ್ಕನೇ ಒಂದು ಭಾಗವಾಗುತ್ತದೆ. ಹಾಗಾಗಿ ಪಟ್ಟಿಗಳನ್ನು ಇಮ್ಮಡಿ ಮಾಡಿದಾಗಲೆಲ್ಲ ತಪ್ಪು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಈ ಅನುಪಾತ ಗೊತ್ತಿರುವುದೇ ದೊಡ್ಡ ಬಂಡವಾಳ. ಮನೆಯ ಎರಡು ಗಡಿಯಾರಗಳೂ ಮುಂದೆ ಓಡುತ್ತಿವೆ, ಒಂದರ ತಪ್ಪು ಇನ್ನೊಂದರ ನಾಲ್ಕರಷ್ಟು ಎಂದು ನಿಮಗೆ ಗೊತ್ತಿದೆ ಎನ್ನಿ. ಒಂದು 10 ಗಂಟೆ 16 ನಿಮಿಷ ತೋರಿಸುತ್ತಿದೆ, ಇನ್ನೊಂದು 10 ಗಂಟೆ 4 ನಿಮಿಷ. ಎರಡರ ಅಂತರ 12 ನಿಮಿಷ, ಅದು ಚಿಕ್ಕ ತಪ್ಪಿನ ಮೂರು ಪಾಲು. ಹಾಗಾದರೆ ಚಿಕ್ಕ ತಪ್ಪು 4 ನಿಮಿಷ, ಸರಿಯಾದ ಸಮಯ 10 ಗಂಟೆ. ಎರಡೂ ಗಡಿಯಾರ ಕೆಟ್ಟಿದ್ದರೂ ಸಮಯ ಸಿಕ್ಕಿತು.

ವಿಸ್ತೀರ್ಣಕ್ಕೂ ಇದೇ ತರ್ಕ. ಒಂದು ಪಟ್ಟಿಯ 0.750000 ಮತ್ತು ಎರಡು ಪಟ್ಟಿಯ 0.708333, ಇವುಗಳ ಅಂತರ 0.041667. ಅದನ್ನು 3ರಿಂದ ಭಾಗಿಸಿದರೆ 0.013889. ಒಳ್ಳೆಯ ಉತ್ತರದಿಂದ ಇದನ್ನು ಕಳೆದರೆ 0.694444. ಎಂಟು ಪಟ್ಟಿಯ ಉತ್ತರಕ್ಕೆ ಹತ್ತಿರ ಹತ್ತಿರವಾದದ್ದು ಬರೀ ಎರಡು ಪಟ್ಟಿಗಳಿಂದ ಬಂತು. ಎಂಜಿನಿಯರಿಂಗ್ ಓದಿದವರಿಗೆ ಈ ಸಂಖ್ಯೆ ಹೊಸದಲ್ಲ. ಸಿಂಪ್ಸನ್ ನಿಯಮ ಕೊಡುವುದೂ ಇದನ್ನೇ.

ಒಂದರ ಮೇಲೊಂದು ಕಾಲಂ

ಹೀಗೆ ಅಕ್ಕಪಕ್ಕದ ಎರಡೆರಡು ಉತ್ತರಗಳನ್ನು ಜೋಡಿಸಿದರೆ ಐದು ಸಂಖ್ಯೆಗಳ ಕಾಲಂನಿಂದ ನಾಲ್ಕು ಸಂಖ್ಯೆಗಳ ಎರಡನೇ ಕಾಲಂ ಹುಟ್ಟುತ್ತದೆ. ಅದರಲ್ಲಿ h²ನ ತುಂಡು ಮಾಯವಾಗಿದೆ. ಉಳಿದ ತಪ್ಪಿನಲ್ಲಿ ದೊಡ್ಡದು h⁴ನದು. ಅಗಲ ಅರ್ಧವಾದಾಗ h⁴ ಹದಿನಾರನೇ ಒಂದು ಭಾಗವಾಗುವುದರಿಂದ, ಈ ಸಲ ಅಂತರವನ್ನು 16ರಲ್ಲಿ ಒಂದು ಕಳೆದು 15ರಿಂದ ಭಾಗಿಸಬೇಕು. ಆಗ ಮೂರು ಸಂಖ್ಯೆಗಳ ಮೂರನೇ ಕಾಲಂ. ಅಲ್ಲಿಂದ ಮುಂದಕ್ಕೆ 63, ಆಮೇಲೆ 255. ಪ್ರತಿ ಸಲವೂ 4ರ ಮುಂದಿನ ಘಾತದಲ್ಲಿ ಒಂದು ಕಡಿಮೆ.

ಗೊತ್ತಿರುವ ಎರಡು ಅಗಲಗಳ ಉತ್ತರದಿಂದ ಅಗಲ ಸೊನ್ನೆಯಾದಾಗಿನ ಉತ್ತರವನ್ನು ಊಹಿಸುವ ಈ ವಿಧಾನವನ್ನು ಬಹಿರ್ವೇಶನ ಎನ್ನುತ್ತಾರೆ. ಇದನ್ನು ಬಳಕೆಗೆ ತಂದವರು ಬ್ರಿಟಿಷ್ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್. ಕಲ್ಲಿನ ಅಣೆಕಟ್ಟಿನೊಳಗಿನ ಒತ್ತಡಗಳನ್ನು ಲೆಕ್ಕ ಹಾಕುವ 1910ರ ದಶಕದ ಆರಂಭದ ಪ್ರಬಂಧದಲ್ಲಿ ಅವರು ಇದನ್ನು ಬಳಸಿದ್ದರು. 1927ರಲ್ಲಿ ಇದಕ್ಕೆಂದೇ ಇನ್ನೊಂದು ಪ್ರಬಂಧ ಬರೆದರು. ಅನುಕಲನದಲ್ಲಿ ಇದನ್ನು ಒಂದು ಸಲಕ್ಕೇ ನಿಲ್ಲಿಸದೆ ಮತ್ತೆ ಮತ್ತೆ ಮಾಡುತ್ತಾ ಹೋಗುವ ಕ್ರಮಬದ್ಧ ಕೋಷ್ಟಕವನ್ನು 1955ರಲ್ಲಿ ಪ್ರಕಟಿಸಿದವರು ವೆರ್ನರ್ ರಾಂಬರ್ಗ್. ಬರ್ಲಿನ್‌ನಲ್ಲಿ 1909ರಲ್ಲಿ ಹುಟ್ಟಿದ ರಾಂಬರ್ಗ್ ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಕೊನೆಗೆ ನಾರ್ವೆ ಸೇರಿದ್ದರು. ಪ್ರಬಂಧ ಅಚ್ಚಾದದ್ದು ಅಲ್ಲಿನ ಟ್ರಾಂಡ್‌ಹೈಮ್ ನಗರದ ವಿಜ್ಞಾನ ಸಂಘದ ಪತ್ರಿಕೆಯಲ್ಲಿ.

ನಮ್ಮ ಐದು ಸಂಖ್ಯೆಗಳ ಪೂರ್ತಿ ಕೋಷ್ಟಕ ಹೀಗಿದೆ. ಎಡತುದಿಯಲ್ಲಿ ಪಟ್ಟಿಗಳ ಸಂಖ್ಯೆ ಇದೆ.

```
 1   0.750000000
 2   0.708333333  0.694444444
 4   0.697023810  0.693253968  0.693174603
 8   0.694121850  0.693154531  0.693147901  0.693147478
16   0.693391202  0.693147653  0.693147194  0.693147183  0.693147182
```

ಪ್ರತಿ ಸಾಲಿನ ಕೊನೆಯ ಸಂಖ್ಯೆಗಳನ್ನು ಮೇಲಿಂದ ಕೆಳಕ್ಕೆ ಓದಿದರೆ ಅದೇ ಕರ್ಣ. ಕಂಪ್ಯೂಟರಿನ ಸ್ಪ್ರೆಡ್‌ಶೀಟ್‌ನಲ್ಲಿ ಇದನ್ನು ಕಟ್ಟುವುದು ಸುಲಭ. A1ರಿಂದ A5ರವರೆಗೆ ತ್ರಾಪಿಜ್ಯದ ಐದು ಉತ್ತರ ಬರೆದು, B2ರಲ್ಲಿ `=A2+(A2-A1)/3`, C3ರಲ್ಲಿ `=B3+(B3-B2)/15` ಎಂದು ಟೈಪ್ ಮಾಡಿ ಕೆಳಕ್ಕೆ ಎಳೆದರಾಯಿತು. D4ಕ್ಕೆ 63, E5ಕ್ಕೆ 255.

ಕರ್ಣ ಏಕೆ ಧಾವಿಸುತ್ತದೆ

ಒಂದು ಕಾಲಂನಲ್ಲಿ ಕೆಳಕ್ಕೆ ಇಳಿಯುವಾಗ ಪಟ್ಟಿ ಮಾತ್ರ ಸಣ್ಣದಾಗುತ್ತದೆ. ಒಂದು ಸಾಲಿನಲ್ಲಿ ಬಲಕ್ಕೆ ಹೋಗುವಾಗ ತಪ್ಪಿನ ಒಂದೊಂದು ತುಂಡು ಕಳಚುತ್ತದೆ. ಕರ್ಣದ ಒಂದು ಹೆಜ್ಜೆಯಲ್ಲಿ ಎರಡೂ ಒಟ್ಟಿಗೆ ಆಗುತ್ತವೆ. ಮೊದಲ ಕಾಲಂನಲ್ಲಿ ತಪ್ಪು ಪ್ರತಿ ಹೆಜ್ಜೆಗೆ ನಾಲ್ಕು ಪಟ್ಟು ಕಡಿಮೆಯಾಗುತ್ತಾ ಹೋಗುತ್ತದೆ, ಎಷ್ಟು ಇಳಿದರೂ ಅಷ್ಟೇ ವೇಗ. ಕರ್ಣದಲ್ಲಿ ವೇಗವೇ ಏರುತ್ತದೆ. ನಿಜವಾದ ಉತ್ತರದೊಂದಿಗೆ ಹೋಲಿಸಿದರೆ ಕರ್ಣದ ತಪ್ಪು ಮೊದಲ ಹೆಜ್ಜೆಯಲ್ಲಿ 44 ಪಟ್ಟು ಇಳಿಯುತ್ತದೆ. ಮುಂದಿನ ಹೆಜ್ಜೆಗಳಲ್ಲಿ 47 ಪಟ್ಟು, 92 ಪಟ್ಟು, 219 ಪಟ್ಟು.

ನಿಜವಾದ ಲೆಕ್ಕದಲ್ಲಿ ಸರಿಯುತ್ತರ ನಮ್ಮ ಕೈಯಲ್ಲಿ ಇರುವುದಿಲ್ಲ. ಕರ್ಣದ ಪಕ್ಕಪಕ್ಕದ ಸಂಖ್ಯೆಗಳ ಅಂತರವನ್ನಷ್ಟೇ ನೋಡಬಹುದು. ಇಲ್ಲಿ ಅವು 0.056, 0.0013, 0.000027, 0.0000003. ಪ್ರತಿ ಅಂತರ ಹಿಂದಿನದಕ್ಕಿಂತ ಬಹಳ ಚಿಕ್ಕದು, ಚಿಕ್ಕದಾಗುವ ವೇಗವೂ ಏರುತ್ತಿದೆ. ಆರೋಗ್ಯವಂತ ಕರ್ಣದ ಲಕ್ಷಣ ಇದು.

ಕೊನೆಯ ಅಂತರ 0.0000003 ಎಂದರೆ ಕೊನೆಯ ಉತ್ತರದ ತಪ್ಪೂ ಅಷ್ಟೇ ಎಂದು ಅನೇಕರು ಓದುತ್ತಾರೆ. ಅದು ಸರಿಯಲ್ಲ. ಆ ಅಂತರ ಅಳೆಯುವುದು ಕರ್ಣದ ಹಿಂದಿನ ಸಂಖ್ಯೆಯ ತಪ್ಪನ್ನು. ತುದಿಯ ಸಂಖ್ಯೆ ಅದಕ್ಕಿಂತ ಎಷ್ಟೋ ಒಳ್ಳೆಯದಿರುತ್ತದೆ. ಇಲ್ಲಿ ಅದರ ನಿಜವಾದ ತಪ್ಪು 0.0000000014, ಅಂದರೆ ಅಂತರದ ಇನ್ನೂರನೇ ಒಂದು ಭಾಗ. ಬೇರೊಂದು ಅಳತೆಯೂ ಇದೆ. ತುದಿಯ ಸಂಖ್ಯೆಯನ್ನು ಅದೇ ಸಾಲಿನ ಎಡ ನೆರೆಯೊಂದಿಗೆ ಹೋಲಿಸುವುದು. ಹೆಚ್ಚು ದಶಮಾಂಶ ಇಟ್ಟುಕೊಂಡು ಕಳೆದರೆ ಆ ಅಂತರ 0.0000000012. ನಿಜವಾದ ತಪ್ಪಿಗಿಂತ ಇದು ತುಸು ಕಡಿಮೆ. ಕರ್ಣದ ಅಂತರ ವಿಪರೀತ ಎಚ್ಚರದ ಅಂದಾಜು ಕೊಟ್ಟರೆ ಎಡ ನೆರೆಯ ಅಂತರ ತುಸು ಹೆಚ್ಚೇ ಧೈರ್ಯದ ಅಂದಾಜು ಕೊಡುತ್ತದೆ. ಧೈರ್ಯದ ಅಂದಾಜನ್ನು ಯಾವಾಗ ನಂಬಬಹುದು ಎಂಬುದಕ್ಕೆ ಕರ್ಣದಲ್ಲಿ ಉತ್ತರವಿಲ್ಲ. ಅದಕ್ಕೆ ಕಾಲಂಗಳನ್ನು ಕೇಳಬೇಕು.

4, 16, 64

ನಾವು 3ರಿಂದ ಭಾಗಿಸಿದ್ದು ತಪ್ಪು ನಾಲ್ಕು ಪಟ್ಟು ಇಳಿಯುತ್ತದೆ ಎಂಬ ನಂಬಿಕೆಯ ಮೇಲೆ. ಆ ನಂಬಿಕೆ ನಿಜವೇ ಎಂದು ಪರೀಕ್ಷಿಸಲು ಬೇಕಾದ ಸಂಖ್ಯೆಗಳು ಮೊದಲ ಕಾಲಂನಲ್ಲೇ ಇವೆ. ಅಲ್ಲಿನ ಪಕ್ಕಪಕ್ಕದ ಅಂತರಗಳು 0.041667, 0.011310, 0.002902, 0.000731. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 3.68. ಮುಂದಿನವು 3.90 ಮತ್ತು 3.97. ಅನುಪಾತ 4ರ ಕಡೆಗೆ ನೇರ ನಡೆಯುತ್ತಿದೆ. ಮೊದಲ ಕಾಲಂ ಪಾಸಾಯಿತು.

ಎರಡನೇ ಕಾಲಂನಲ್ಲಿ ಇದೇ ಅನುಪಾತ 16ರ ಕಡೆಗೆ ಹೋಗಬೇಕು. ಸಿಗುವುದು 11.97, ಆಮೇಲೆ 14.46. ಇನ್ನೂ ಮುಟ್ಟಿಲ್ಲ, ಆದರೆ ದಿಕ್ಕು ಸರಿಯಾಗಿದೆ. ಮೂರನೇ ಕಾಲಂನಲ್ಲಿ 64 ಬರಬೇಕಿತ್ತು, ಬಂದಿರುವುದು 37.76. ಇರುವುದು ಒಂದೇ ಅನುಪಾತ, ಅದೂ ದೂರದಲ್ಲಿದೆ. ಬಲಕ್ಕೆ ಹೋದಂತೆ ಪಟ್ಟಿಗಳು ಸಾಕಷ್ಟು ಸಣ್ಣದಾಗುವ ಮೊದಲೇ ಲೆಕ್ಕ ಮುಗಿದಿರುತ್ತದೆ, ಮುಂದಿನ ತುಂಡುಗಳ ಪಾಲು ಇನ್ನೂ ಬೆರೆತೇ ಇರುತ್ತದೆ. ಹಾಗಾಗಿ ಇಂಥ ಕೊರತೆ ಸಹಜ. ಎಡ ನೆರೆಯ ಅಂತರ ಏಕೆ ತುಸು ಹೆಚ್ಚು ಧೈರ್ಯ ತೋರಿತು ಎಂಬುದಕ್ಕೂ ಕಾರಣ ಇದೇ. ಆ ಅಂದಾಜು ನಾಲ್ಕನೇ ಕಾಲಂ 256ರ ಅನುಪಾತದಲ್ಲಿ ಇಳಿಯುತ್ತಿದೆ ಎಂದು ನಂಬಿ ಬಂದದ್ದು. ಮೂರನೇ ಕಾಲಂ 64ರ ಬದಲು 38ರಲ್ಲಿ ನಿಂತಿರುವಾಗ ನಾಲ್ಕನೆಯದು 256 ಮುಟ್ಟಿರುವ ಸಾಧ್ಯತೆ ಕಡಿಮೆ.

ಸ್ಪ್ರೆಡ್‌ಶೀಟ್‌ನಲ್ಲಿ ಪಕ್ಕದ ಖಾಲಿ ಕಾಲಂ ಒಂದರಲ್ಲಿ `=(A2-A1)/(A3-A2)` ಎಂದು ಬರೆದು ಎಳೆದರೆ ಈ ಪರೀಕ್ಷೆ ಮುಗಿಯುತ್ತದೆ. ಪರೀಕ್ಷೆ ಮಾಡದಿದ್ದರೆ ಏನಾಗುತ್ತದೆ ಎಂದು ತಿಳಿಯಲು ಇನ್ನೊಂದು ರೇಖೆಯನ್ನು ನೋಡೋಣ.

ಅಂಚಿನಲ್ಲಿ ಲಂಬವಾಗಿ ಎದ್ದ ರೇಖೆ

y = √x ರೇಖೆಯ ಕೆಳಗೆ 0ಯಿಂದ 1ರವರೆಗಿನ ವಿಸ್ತೀರ್ಣ ಸರಿಯಾಗಿ 2/3, ಅಂದರೆ 0.666667. ನೋಡಲು ಸಾಧು ರೇಖೆ, ಎಲ್ಲೂ ಮುರಿದಿಲ್ಲ. ಆದರೆ ಅದು x = 0ಯಲ್ಲಿ ಹೊರಡುವಾಗ ಲಂಬವಾಗಿ ಮೇಲೇಳುತ್ತದೆ, ಅಲ್ಲಿನ ಇಳಿಜಾರು ಅನಂತ. ತಪ್ಪಿನ ತುಂಡುಗಳನ್ನು ನಿರ್ಧರಿಸುವುದು ತುದಿಗಳ ಇಳಿಜಾರು ಎಂದು ಆಗಲೇ ನೋಡಿದೆವು. ಒಂದು ತುದಿಯಲ್ಲಿ ಇಳಿಜಾರೇ ಅನಂತವಾದಾಗ ಆಯ್ಲರ್ ಮತ್ತು ಮೆಕ್ಲಾರಿನ್ ಅವರ ಸೂತ್ರ ಇಲ್ಲಿಗೆ ಹೊಂದುವುದಿಲ್ಲ. ಸಮಘಾತಗಳ ನಡುವೆ hನ ಒಂದೂವರೆ ಘಾತದ ತುಂಡೊಂದು ನುಸುಳುತ್ತದೆ. ಅಗಲ ಅರ್ಧವಾದಾಗ ಆ ತುಂಡು 2.83 ಪಟ್ಟು ಮಾತ್ರ ಇಳಿಯುತ್ತದೆ. 3ರಿಂದ ಭಾಗಿಸಿದರೂ 15ರಿಂದ ಭಾಗಿಸಿದರೂ ಅದು ಅಳಿಯುವುದಿಲ್ಲ, ಕಾಲಂನಿಂದ ಕಾಲಂಗೆ ಹಾಗೇ ದಾಟುತ್ತಾ ಬರುತ್ತದೆ.

```
 1   0.500000
 2   0.603553  0.638071
 4   0.643283  0.656526  0.657757
 8   0.658130  0.663079  0.663516  0.663608
16   0.663581  0.665398  0.665553  0.665585  0.665593
```

ಕೊನೆಯ ಸಾಲನ್ನು ಬಲತುದಿಯಿಂದ ನೋಡಿ: 0.665553, 0.665585, 0.665593. ಸಂಖ್ಯೆಗಳು ನೆಲೆಗೆ ನಿಂತಂತೆಯೇ ಕಾಣುತ್ತವೆ. ತುದಿಯ ಎರಡರ ಅಂತರ 0.000008. ಇದನ್ನೇ ತಪ್ಪಿನ ಅಂದಾಜು ಎಂದುಕೊಂಡವರು ಐದು ದಶಮಾಂಶ ಸರಿ ಎಂದು ಬರೆದಾರು. ನಿಜವಾದ ತಪ್ಪು 0.00107. ಅಂದಾಜಿನ ನೂರಮೂವತ್ತು ಪಟ್ಟಿಗೂ ಹೆಚ್ಚು! ಸಾಲು ನೆಲೆಗೆ ನಿಂತಂತೆ ಕಂಡದ್ದಕ್ಕೆ ಕಾರಣ ಸರಳ. ಅಂತರವನ್ನು 255ರಿಂದ ಭಾಗಿಸಿದರೆ ಯಾವ ಸಂಖ್ಯೆಯಾದರೂ ಅಲುಗುವುದು ಕಡಿಮೆಯೇ. ಅಲ್ಲಿನ ಸ್ಥಿರತೆ ಭಾಜಕದ್ದು, ಉತ್ತರದ್ದಲ್ಲ.

ಕಾಲಂಗಳು ಮಾತ್ರ ನಿಜವನ್ನು ಮುಚ್ಚಿಟ್ಟಿಲ್ಲ. ಮೊದಲ ಕಾಲಂನ ಅನುಪಾತಗಳು 2.61, 2.68, 2.72. ಅವು 4ರ ಕಡೆಗೆ ಹೋಗುತ್ತಲೇ ಇಲ್ಲ. ಎರಡನೇ ಕಾಲಂನಲ್ಲಿ 16 ಇರಬೇಕಾದಲ್ಲಿ 2.82 ಮತ್ತು 2.83 ಇವೆ. ಇಷ್ಟು ಸ್ಪಷ್ಟವಾಗಿ 2.83ಕ್ಕೆ ಬಂದು ನಿಂತರೆ ಕಾಯಿಲೆಯ ಹೆಸರೂ ಸಿಕ್ಕಂತೆ: ಒಂದು ತುದಿಯಲ್ಲಿ ವರ್ಗಮೂಲದಂಥ ನಡವಳಿಕೆ ಇದೆ. ಕರ್ಣದಲ್ಲೂ ಇದರ ಗುರುತು ಇದೆ. ಅಲ್ಲಿನ ಅಂತರಗಳು ವೇಗ ಹೆಚ್ಚಿಸಿಕೊಳ್ಳುವ ಬದಲು, ಕೊನೆಗೆ ಹೆಜ್ಜೆಗೆ ಮೂರು ಪಟ್ಟಿನಷ್ಟು ಮಾತ್ರ ಇಳಿಯುತ್ತಾ ಕುಂಟುತ್ತವೆ.

ಇಲ್ಲಿ ಪಟ್ಟಿಗಳನ್ನು ಹೆಚ್ಚಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ, ಪ್ರಶ್ನೆಯ ರೂಪವನ್ನೇ ಬದಲಿಸಬೇಕು. xನ ಜಾಗದಲ್ಲಿ t² ಇಟ್ಟರೆ √x ಎಂಬುದು t ಆಗುತ್ತದೆ. ಲೆಕ್ಕ ಮಾಡಬೇಕಾದ ರೇಖೆ 2t². ಅದರ ತುದಿಗಳಲ್ಲಿ ಯಾವ ತೊಡಕೂ ಇಲ್ಲ. ಒಂದು ಪಟ್ಟಿಗೆ 1, ಎರಡು ಪಟ್ಟಿಗೆ 0.75. ಅಂತರ 0.25ನ್ನು 3ರಿಂದ ಭಾಗಿಸಿ ಕಳೆದರೆ 0.666667. ಹದಿನಾರು ಪಟ್ಟಿಗಳಿಂದ ಬಾರದ ಉತ್ತರ ಎರಡು ಪಟ್ಟಿಗಳಿಂದ ಬಂದು ಕೂತಿತು.

ಸೊನ್ನೆ, ಸೊನ್ನೆ, ಸೊನ್ನೆ

ಇನ್ನೊಂದು ಬಗೆಯ ಮೋಸ ಇದಕ್ಕಿಂತ ಸೂಕ್ಷ್ಮ. y = sin²(8πx) ರೇಖೆ 0ಯಿಂದ 1ರೊಳಗೆ ಎಂಟು ಸಲ ಎದ್ದು ಎಂಟು ಸಲ ನೆಲಕ್ಕೆ ಇಳಿಯುತ್ತದೆ. ಅದರ ಕೆಳಗಿನ ವಿಸ್ತೀರ್ಣ 0.5. ಒಂದು, ಎರಡು, ನಾಲ್ಕು, ಎಂಟು ಪಟ್ಟಿಗಳಿದ್ದಾಗ ನಾವು ಎತ್ತರ ಅಳೆಯುವ ಪ್ರತಿ ಜಾಗವೂ ರೇಖೆ ನೆಲ ಮುಟ್ಟುವ ಜಾಗವೇ ಆಗಿರುತ್ತದೆ. ನಾಲ್ಕು ಉತ್ತರಗಳೂ ಸೊನ್ನೆ, ಕರ್ಣದ ನಾಲ್ಕು ಸಂಖ್ಯೆಗಳೂ ಸೊನ್ನೆ. ಪಕ್ಕಪಕ್ಕದ ಉತ್ತರಗಳು ಒಂದೇ ಆದರೆ ನಿಲ್ಲಿಸು ಎಂದು ಹೇಳಿಟ್ಟ ಪ್ರೋಗ್ರಾಂ ಇಲ್ಲಿ ಸಂತೋಷದಿಂದ ನಿಂತು 0 ಎಂದು ಅಚ್ಚು ಹಾಕುತ್ತದೆ.

ಮುಂದುವರಿಸಿದರೆ ಬರುವುದು ವಿಚಿತ್ರ. ಹದಿನಾರು ಪಟ್ಟಿಗಳಿಗೆ ತ್ರಾಪಿಜ್ಯ ಲೆಕ್ಕವೇ ಸರಿಯಾಗಿ 0.5 ಕೊಡುತ್ತದೆ. ಆದರೆ ಕೋಷ್ಟಕ ಅದನ್ನು ಅಲ್ಲಿಗೆ ಬಿಡುವುದಿಲ್ಲ. ಮೇಲಿನ ಸೊನ್ನೆಯೊಂದಿಗೆ ಜೋಡಿಸಿ ತಿದ್ದಿ ತಿದ್ದಿ 0.667, 0.711, 0.722 ಮಾಡಿ, ಕರ್ಣದ ತುದಿಯಲ್ಲಿ 0.725 ಎಂದು ನಿಲ್ಲಿಸುತ್ತದೆ. ಸರಿಯಾಗಿದ್ದ ಉತ್ತರವನ್ನು ಬಹಿರ್ವೇಶನವೇ ಕೆಡಿಸಿತು. ಒಂದು ಆವರ್ತ ಪೂರ್ತಿಯಾಗಿ ಮರಳುವ ಇಂಥ ನಯವಾದ ರೇಖೆಗಳಲ್ಲಿ ಎರಡೂ ತುದಿಗಳ ಇಳಿಜಾರು ಒಂದೇ ಆಗಿರುತ್ತದೆ, ಅವುಗಳ ವ್ಯತ್ಯಾಸ ಸೊನ್ನೆ. ಅಲ್ಲಿ ಕಳೆಯಲು h²ನ ತುಂಡೇ ಇಲ್ಲ, h⁴ನದೂ ಇಲ್ಲ. ಬರಿಯ ತ್ರಾಪಿಜ್ಯ ಲೆಕ್ಕವೇ ಅಲ್ಲಿ ಅತ್ಯುತ್ತಮ.

ಇದನ್ನು ಹಿಡಿಯುವ ಉಪಾಯವೂ ಕಷ್ಟದ್ದಲ್ಲ. ಕೋಷ್ಟಕವನ್ನು ಒಂದು ಪಟ್ಟಿಯಿಂದಲೇ ಶುರು ಮಾಡಬೇಕೆಂಬ ಕಟ್ಟಳೆಯಿಲ್ಲ. ಮೂರು ಪಟ್ಟಿಯಿಂದ ಹೊರಟು 6, 12 ಎಂದು ಇಮ್ಮಡಿಸಿದರೂ ಭಾಜಕಗಳು 3, 15, 63 ಹಾಗೇ ಇರುತ್ತವೆ. ಈ ರೇಖೆಗೆ ಹಾಗೆ ಮಾಡಿದರೆ ಮೊದಲ ಉತ್ತರವೇ 0.5, ಎರಡನೆಯದೂ 0.5, ಮೂರನೆಯದೂ ಅದೇ. ಎರಡು ಬೇರೆ ಬೇರೆ ಆರಂಭಗಳಿಂದ ಕಟ್ಟಿದ ಕೋಷ್ಟಕಗಳು ಒಂದು 0 ಎಂದು, ಇನ್ನೊಂದು 0.5 ಎಂದು ಹೇಳಿದ ಕೂಡಲೇ ಓದುಗ ಎಚ್ಚೆತ್ತುಕೊಳ್ಳುತ್ತಾನೆ. ಅನುಪಾತದ ಪರೀಕ್ಷೆಯೂ ಇಲ್ಲಿ ಸುಮ್ಮನಿರುವುದಿಲ್ಲ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಲು ಹೋಗಿ ಸ್ಪ್ರೆಡ್‌ಶೀಟ್ `#DIV/0!` ಎಂದು ಕೂಗುತ್ತದೆ.

ಅಂಕೆಗಳು ಮುಗಿಯುವ ಜಾಗ

ನಯವಾದ ರೇಖೆಯಲ್ಲೂ ಕೋಷ್ಟಕವನ್ನು ಬೇಕಾದಷ್ಟು ಉದ್ದಕ್ಕೆ ಬೆಳೆಸಲಾಗದು. ಬಲಕ್ಕೆ ಹೋದಂತೆ ನಾವು ತೀರಾ ಹತ್ತಿರದ ಸಂಖ್ಯೆಗಳನ್ನು ಒಂದರಿಂದೊಂದು ಕಳೆಯುತ್ತಿರುತ್ತೇವೆ. 2ರ ಲಾಗರಿದಂನ ಲೆಕ್ಕವನ್ನು ಆರೇ ದಶಮಾಂಶದಲ್ಲಿ ಮಾಡಿದ್ದರೆ ಮೂರನೇ ಕಾಲಂನ ಅಂತರಗಳು 0.000027 ಮತ್ತು 0.000001 ಆಗುತ್ತಿದ್ದವು. ಎರಡನೆಯ ಅಂತರದಲ್ಲಿ ಉಳಿದಿರುವುದು ಒಂದೇ ಅಂಕೆ, ಅದೂ ದುಂಡಾಗಿಸಿದ್ದು. ಅನುಪಾತ 27 ಎಂದು ಬರುತ್ತದೆ, ಆದರೆ ಆ 27ಕ್ಕೆ ಅರ್ಥವಿಲ್ಲ. ಕಂಪ್ಯೂಟರುಗಳು ಸಾಮಾನ್ಯವಾಗಿ ಸುಮಾರು 16 ಅಂಕೆಗಳನ್ನು ಇಟ್ಟುಕೊಳ್ಳುವುದರಿಂದ ಈ ಗಡಿ ತಡವಾಗಿ ಬರುತ್ತದೆ, ಅಷ್ಟೇ.

ಸಮಾಧಾನದ ಸಂಗತಿಯೆಂದರೆ ಈ ಕೋಷ್ಟಕ ಸಣ್ಣ ದುಂಡಾಗಿಸುವ ತಪ್ಪುಗಳನ್ನು ಊದಿಸಿ ದೊಡ್ಡದು ಮಾಡುವುದಿಲ್ಲ. ಮೊದಲ ಕಾಲಂನಲ್ಲಿ ಇದ್ದ ಅಂಥ ತಪ್ಪು ಎಷ್ಟು ಕಾಲಂ ದಾಟಿದರೂ ಎರಡು ಪಟ್ಟಿನೊಳಗೇ ಇರುತ್ತದೆ. ಹಾಗಾಗಿ ಅಂಕೆಗಳು ಮುಗಿದಾಗ ಉತ್ತರ ದಿಢೀರನೆ ಹಾಳಾಗುವುದಿಲ್ಲ, ಸುಧಾರಿಸುವುದು ನಿಲ್ಲುತ್ತದೆ. ಅದರ ಗುರುತು ಅನುಪಾತಗಳಲ್ಲಿ ಸಿಗುತ್ತದೆ. 4, 16, 64ರ ಕಡೆಗೆ ನೆಟ್ಟಗೆ ಹೋಗುತ್ತಿದ್ದವು ಇದ್ದಕ್ಕಿದ್ದಂತೆ 1.3, −7, 0.4 ಎಂದು ಅಡ್ಡಾದಿಡ್ಡಿ ಕುಣಿಯತೊಡಗಿದರೆ ಅಲ್ಲಿಗೆ ನಿಲ್ಲಿಸಬೇಕು. ಮುಂದಿನ ಸಾಲು ಕೂಲಿಯಿಲ್ಲದ ದುಡಿಮೆ.

ಇಷ್ಟನ್ನೂ ಸೇರಿಸಿ ಮೊದಲ ಕೋಷ್ಟಕಕ್ಕೆ ಏನು ಉತ್ತರ ಬರೆಯಬೇಕು? ಮೊದಲ ಕಾಲಂ 3.97ಕ್ಕೆ ಬಂದಿದೆ, ಎರಡನೆಯದು 14.46ಕ್ಕೆ ಏರಿದೆ. ರೇಖೆ ನಯವಾಗಿದೆ ಎಂಬುದಕ್ಕೆ ಸಾಕ್ಷಿ ಸಾಕು, ಕರ್ಣವನ್ನು ನಂಬಬಹುದು. ಎಡ ನೆರೆಯ ಅಂತರ 0.0000000012, ಆದರೆ ಮೂರನೇ ಕಾಲಂ 64ರ ಬದಲು 38ರಲ್ಲಿರುವುದರಿಂದ ನಿಜವಾದ ತಪ್ಪು ಅದಕ್ಕಿಂತ ಹೆಚ್ಚೇ ಇರಬಹುದು. ಹಾಗಾಗಿ ಎಚ್ಚರದ ಓದುಗ 0.69314718 ಎಂದು ಬರೆದು ನಿಲ್ಲಿಸುತ್ತಾನೆ. ಕೋಷ್ಟಕದ ಮೂಲೆಯಲ್ಲಿ ಒಂಬತ್ತನೇ ಅಂಕೆಯಾಗಿ 2 ಕೂತಿದೆ. ಸರಿಯಾದ ಮೌಲ್ಯವನ್ನು ಒಂಬತ್ತು ದಶಮಾಂಶಕ್ಕೆ ದುಂಡಾಗಿಸಿದರೆ ಅಲ್ಲಿ ಬರಬೇಕಾದದ್ದು 1.